ರಿಪೋರ್ಟೆಡ್ ಪ್ರಶ್ನೆಯಲ್ಲಿ ‘ಡು’, ‘ಡಿಡ್’ ಬೀಳಿಸುವುದು: ನಾನು ಕಲಿಸುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ಇಂಗ್ಲಿಷ್ ಸಂಭಾಷಣೆಯನ್ನು ರಿಪೋರ್ಟೆಡ್ ಸ್ಪೀಚ್‌ಗೆ ತಿರುಗಿಸುವಾಗ ಮತ್ತೆ ಮತ್ತೆ ಬರೆಯುವ ವಾಕ್ಯ ಇದು: ‘ದ ಕಂಡಕ್ಟರ್ ಆಸ್ಕ್‌ಡ್ ಮಿ ದ್ಯಾಟ್ ವೇರ್ ಡು ಐ ವಾಂಟ್ ಟು ಗೆಟ್ ಡೌನ್.’ ಇದು ಅಜಾಗ್ರತೆಯ ತಪ್ಪಲ್ಲ, ಮನೆಮಾತಿನ ಅಭ್ಯಾಸ. ‘ಎಲ್ಲಿ ಇಳಿಯಬೇಕು ಅಂತ ಕಂಡಕ್ಟರ್ ಕೇಳಿದರು’ ಎನ್ನುವಾಗ ಪ್ರಶ್ನೆ ಇದ್ದ ಹಾಗೆಯೇ ಇರುತ್ತದೆ, ಕೊನೆಗೊಂದು ‘ಅಂತ’ ಅಂಟಿಕೊಳ್ಳುತ್ತದೆ. ಮಲಯಾಳದ ‘ಎನ್ನ್’ ಮಾಡುವುದೂ ಅದನ್ನೇ. ಹಾಗಾಗಿ ಮಕ್ಕಳು ‘ಅಂತ’ದ ಜಾಗಕ್ಕೆ ‘ದ್ಯಾಟ್’ ಹಾಕಿ, ಪ್ರಶ್ನೆಯನ್ನು ಮುಟ್ಟದೆ ಬಿಡುತ್ತಾರೆ.

ನಾನು ಮೊದಲು ಪ್ರಶ್ನೆಯನ್ನು ಸಾದಾ ಹೇಳಿಕೆ ಮಾಡಿಸುತ್ತೇನೆ. ಸರ್ವನಾಮ, ಕಾಲ ಎಲ್ಲ ಆಮೇಲೆ. ‘ವೇರ್ ಡು ಯೂ ವಾಂಟ್ ಟು ಗೆಟ್ ಡೌನ್?’ ಎಂಬುದು ‘ಯೂ ವಾಂಟ್ ಟು ಗೆಟ್ ಡೌನ್’ ಆಗುತ್ತದೆ. ಪ್ರಶ್ನೆ ಕೇಳಲಿಕ್ಕೆಂದೇ ಬಂದಿದ್ದ ‘ಡು’ ಇಲ್ಲಿ ತಾನಾಗಿ ಬೀಳುತ್ತದೆ. ನಂತರ ‘ಯೂ’ ಹೋಗಿ ‘ಐ’, ‘ವಾಂಟ್’ ಹೋಗಿ ‘ವಾಂಟೆಡ್’. ಮುಂದೆ ‘ವೇರ್’ ಸೇರಿಸಿದರೆ ಮುಗಿಯಿತು: ‘ದ ಕಂಡಕ್ಟರ್ ಆಸ್ಕ್‌ಡ್ ಮಿ ವೇರ್ ಐ ವಾಂಟೆಡ್ ಟು ಗೆಟ್ ಡೌನ್.’ ‘ದ್ಯಾಟ್’ಗೆ ಜಾಗವೇ ಇಲ್ಲ. ‘ವೇರ್’ನಂಥ ಪ್ರಶ್ನಪದ ಇಲ್ಲದಿದ್ದರೆ ‘ಇಫ್’ ಅಥವಾ ‘ವೆದರ್’ ಸಾಕು.

‘ಡಿಡ್’ ಬಂದಾಗ ಹೆಚ್ಚು ಜಾಗ್ರತೆ ಬೇಕು. ‘ಡಿಡ್ ಯೂ ಬ್ರಿಂಗ್ ಯುವರ್ ಕಾರ್ಡ್?’ ಎಂಬುದರಲ್ಲಿ ಭೂತಕಾಲ ಇರುವುದು ‘ಡಿಡ್’ನ ಮೇಲೆ, ‘ಬ್ರಿಂಗ್’ ಮೇಲಲ್ಲ. ‘ಡಿಡ್’ ಅಳಿಸಿ ಸುಮ್ಮನಾದರೆ ಕಾಲವೂ ಅದರ ಜತೆಗೇ ಹೋಗುತ್ತದೆ, ‘ಇಫ್ ಐ ಬ್ರಿಂಗ್’ ಎಂದು ಬರೆಯುವವರಿಗೆ ಆಗುವುದು ಇದೇ. ಹೇಳಿಕೆ ಮಾಡಿದರೆ ‘ಯೂ ಬ್ರಾಟ್ ಯುವರ್ ಕಾರ್ಡ್’, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಹೋದರೆ ‘ಹ್ಯಾಡ್ ಬ್ರಾಟ್’: ‘ಹಿ ಆಸ್ಕ್‌ಡ್ ಮಿ ಇಫ್ ಐ ಹ್ಯಾಡ್ ಬ್ರಾಟ್ ಮೈ ಕಾರ್ಡ್.’ ‘ಈಸ್’, ‘ಕ್ಯಾನ್’, ‘ಹ್ಯಾವ್’ ಬೀಳುವುದಿಲ್ಲ, ಕರ್ತೃವಾದ ಮೇಲಿನ ಜಾಗಕ್ಕೆ ಸರಿದು ರೂಪ ಬದಲಿಸುತ್ತವೆ ಅಷ್ಟೇ.

ಒಂದು ಬಲೆ: ‘ವಾಟ್ ಡು ಯೂ ಡು ಆನ್ ಸಂಡೇಸ್?’ ಮೊದಲ ‘ಡು’ ಬೀಳಬೇಕು, ಎರಡನೆಯದು ನಿಜವಾದ ಕ್ರಿಯಾಪದ, ಉಳಿಯಬೇಕು. ಉತ್ತರ ‘ವಾಟ್ ಐ ಡಿಡ್ ಆನ್ ಸಂಡೇಸ್’. ಇಲ್ಲಿಯ ‘ಡಿಡ್’ ಸರಿ. ‘ಡು’ ಕಂಡಲ್ಲೆಲ್ಲ ಅಳಿಸು ಎಂದು ಕಲಿಸಿದರೆ ಮಕ್ಕಳು ಇದನ್ನೂ ಅಳಿಸುತ್ತಾರೆ. ‘ಹೂ ಪುಶ್ಡ್ ಯೂ?’ ಎಂಬಲ್ಲಿ ‘ಹೂ’ ತಾನೇ ಕರ್ತೃ, ಬೀಳಿಸಲಿಕ್ಕೆ ಏನೂ ಇಲ್ಲ, ಪದಕ್ರಮವೂ ಬದಲಾಗುವುದಿಲ್ಲ: ‘ಹೂ ಹ್ಯಾಡ್ ಪುಶ್ಡ್ ಮಿ’. ಇದನ್ನು ಬಿಟ್ಟರೆ ಪರೀಕ್ಷೆ ಸುಲಭ: ‘ವೇರ್’ ಅಥವಾ ‘ಇಫ್’ ಆದ ಕೂಡಲೇ ಕರ್ತೃ ಬರಬೇಕು. ‘ಡು’, ‘ಡಿಡ್’, ‘ಈಸ್’ ಬಂದರೆ ತಪ್ಪು.

ಆಜ್ಞೆಯಲ್ಲಿ ನಮ್ಮ ಭಾಷೆ ಅಡ್ಡ ಬರುವುದಿಲ್ಲ, ಸಹಾಯವೇ ಮಾಡುತ್ತದೆ. ‘ಹಿಂದೆ ಹೋಗಲಿಕ್ಕೆ ಹೇಳಿದರು’ ಎಂದು ನಾವು ಆಡುವುದೇ ಇದೆಯಲ್ಲ, ಆ ‘ಲಿಕ್ಕೆ’ಯ ಜಾಗದಲ್ಲಿ ‘ಟು’ ನಿಲ್ಲುತ್ತದೆ: ‘ಹಿ ಟೋಲ್ಡ್ ಮಿ ಟು ಮೂವ್ ಬ್ಯಾಕ್.’ ‘ಡೋಂಟ್ ಸ್ಟ್ಯಾಂಡ್ ಆನ್ ದ ಫುಟ್‌ಬೋರ್ಡ್’ ಎಂಬಲ್ಲಿಯೂ ‘ಡು’ ಬಿದ್ದು ‘ನಾಟ್’ ಮಾತ್ರ ಉಳಿಯುತ್ತದೆ: ‘ನಾಟ್ ಟು ಸ್ಟ್ಯಾಂಡ್’. ‘ಟು ಡೋಂಟ್ ಸ್ಟ್ಯಾಂಡ್’ ಎಂದು ಬರೆದರೆ ಇದು ಗೊತ್ತಾಗಿಲ್ಲ ಎಂದರ್ಥ.

‘ಹೇಳಿದರು’ ಎಂಬಲ್ಲಿ ಯಾವ ಇಂಗ್ಲಿಷ್ ಕ್ರಿಯಾಪದ ಹಾಕಬೇಕು ಎಂಬುದನ್ನು ಹೇಳಿದವರ ಅಧಿಕಾರ, ದನಿ ನೋಡಿ ಆರಿಸಬೇಕು. ಅದೇ ಫುಟ್‌ಬೋರ್ಡಿನ ಮಾತು ಕಂಡಕ್ಟರದ್ದಾದರೆ ‘ಟೋಲ್ಡ್’, ಪೊಲೀಸರದ್ದಾದರೆ ‘ಆರ್ಡರ್ಡ್’. ‘ಪ್ಲೀಸ್’ ಇದ್ದರೆ ಅದನ್ನು ಬಿಟ್ಟು ‘ಆಸ್ಕ್‌ಡ್’. ‘ಯೂ ಶುಡ್ ಅಪ್ಲೈ ಫಾರ್ ಎ ನ್ಯೂ ಕಾರ್ಡ್’ ಎಂಬುದು ಸಲಹೆ, ‘ಅಡ್ವೈಸ್ಡ್ ಮಿ ಟು ಅಪ್ಲೈ’ ಎಂದರೆ ‘ಶುಡ್’ ಬೇಡ. ‘ಕ್ಯಾನ್ ಯೂ ಮೂವ್ ಬ್ಯಾಕ್?’ ರೂಪದಲ್ಲಿ ಪ್ರಶ್ನೆ, ಅರ್ಥದಲ್ಲಿ ವಿನಂತಿ, ಹಾಗಾಗಿ ‘ಆಸ್ಕ್‌ಡ್ ಮಿ ಟು ಮೂವ್ ಬ್ಯಾಕ್’. ಈ ರಚನೆಯಲ್ಲಿ ‘ಟೋಲ್ಡ್’, ‘ಆರ್ಡರ್ಡ್’, ‘ಅಡ್ವೈಸ್ಡ್’ ಆದ ಮೇಲೆ ಯಾರಿಗೆ ಎಂಬುದು ನೇರವಾಗಿ ಬರಬೇಕು. ನಮ್ಮ ‘ನನಗೆ’ಯನ್ನು ನೆನೆದು ‘ಟೋಲ್ಡ್ ಟು ಮಿ’ ಎಂದು ಬರೆಯುವವರು ಬಹಳ.

ಮಾತಿನಲ್ಲಿ ಸಹಾಯಕ ಕ್ರಿಯಾಪದ ಮೊದಲೇ ಬಿದ್ದಿರುವುದೂ ಉಂಟು. ‘ಗೋಯಿಂಗ್ ಟು ಕುಂಬಳೆ?’ ‘ಸೀನ್ ಮೈ ಅಂಬ್ರೆಲ್ಲಾ?’ ‘ವಾಂಟ್ ಎ ಟಿಕೆಟ್?’ ಇವನ್ನು ಹಾಗೆಯೇ ತಿರುಗಿಸಲಾಗದು, ಬಿದ್ದದ್ದನ್ನು ಮೊದಲು ತಂದು ಕೂರಿಸಬೇಕು. ಉಳಿದ ಕ್ರಿಯಾಪದವೇ ಸುಳಿವು: ‘ಇಂಗ್’ ಇದ್ದರೆ ‘ಆರ್ ಯೂ’, ಮೂರನೇ ರೂಪವಾದರೆ ‘ಹ್ಯಾವ್ ಯೂ’, ಮೂಲರೂಪವಾದರೆ ‘ಡು ಯೂ’. ಆಗ ಕ್ರಮವಾಗಿ ‘ಇಫ್ ಐ ವಾಸ್ ಗೋಯಿಂಗ್’, ‘ಇಫ್ ಐ ಹ್ಯಾಡ್ ಸೀನ್’, ‘ಇಫ್ ಐ ವಾಂಟೆಡ್’. ‘ವೇಟ್ ಹಿಯರ್’ ಎಂಬುದೂ ಮೂಲರೂಪದಿಂದಲೇ ಶುರುವಾಗುತ್ತದೆ, ಆದರೆ ಅದು ಆಜ್ಞೆ. ಬರಹದಲ್ಲಿ ಈ ಎರಡನ್ನು ಬೇರೆ ಮಾಡುವುದು ಪ್ರಶ್ನಾರ್ಥಕ ಚಿಹ್ನೆ, ಹಾಗಾಗಿ ‘ಇಫ್’ ಹಾಕುವ ಮೊದಲು ಅದು ಇದೆಯೇ ಎಂದು ನೋಡಿಸುತ್ತೇನೆ.