ಬಳೆ ನೆನಪಾಗದ ದಿನ: ಆಲ್ಝೈಮರ್ ಮರೆವನ್ನು ಗುರುತಿಸುವುದು ಹೇಗೆ, ಮಾತ್ರೆಯಿಂದ ಏನು ಸಿಗುತ್ತದೆ

ಶಿರಸಿಯ ಮಾರಿಜಾತ್ರೆಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ನನ್ನ ಅತ್ತೆ ಕೇಳಿದರು, "ಜಾತ್ರೆಗೆ ಯಾವಾಗ ಹೋಪದು?" ಹಿಂದಿನ ಸಂಜೆಯಷ್ಟೇ ದೇವಿಗೆ ಉಡಿ ಕೊಟ್ಟು, ಬಳೆ ಅಂಗಡಿಯಲ್ಲಿ ಕೂತು ಒಂದು ಡಜನ್ ಕೆಂಪು ಬಳೆ ಇಡಿಸಿಕೊಂಡು ಬಂದಿದ್ದೆವು. ಅದನ್ನೇ ನೆನಪಿಸಿದೆ. ಅವರು ಕೈ ತಿರುಗಿಸಿ ನೋಡಿಕೊಂಡರು. "ಚೊಲೋ ಇದ್ದು. ಯಾರು ಕೊಟ್ಟಿದ್ದು?" ಎಂದರು.

ಅದೇ ಜಾತ್ರೆಯಲ್ಲಿ ಮಾವನೂ ಒಂದು ಹೆಸರು ಮರೆತಿದ್ದರು. ಸಿಕ್ಕಿದ ಹಳೆಯ ಪರಿಚಯದವರು ಯಾರು ಅಂತ ಹೊಳೆಯದೆ ಒದ್ದಾಡಿದರು. "ಸಿದ್ದಾಪುರದ ಕಡೆಯವರು, ನಮಗೆ ಬಾಳೆಕಂದು ಕೊಟ್ಟಿದ್ದರಲ್ಲ" ಎಂದ ಕೂಡಲೇ ಹೆಸರು, ಊರು, ಅವರ ಮಗನ ಮದುವೆಯ ಊಟ ಎಲ್ಲಾ ನೆನಪಾಯಿತು.

ಇಬ್ಬರಿಗೂ ವಯಸ್ಸು ಎಪ್ಪತ್ತು ದಾಟಿತ್ತು. ನೆಂಟರು ಇಬ್ಬರದ್ದನ್ನೂ ಅರಳು ಮರಳು ಎಂದು ಬಿಟ್ಟರು. ಆದರೆ ಎರಡೂ ಬೇರೆ ಬೇರೆ ಮರೆವು. ಮಾವನ ನೆನಪು ಒಳಗೆ ಇತ್ತು, ತೆಗೆಯುವುದು ತಡವಾಯಿತು. ಅತ್ತೆಯ ತಲೆಯಲ್ಲಿ ಹಿಂದಿನ ಸಂಜೆ ಉಳಿದೇ ಇರಲಿಲ್ಲ. ಔಷಧ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೂತ ನನಗೂ ಈ ವ್ಯತ್ಯಾಸ ಮನೆಯಲ್ಲೇ ನೋಡುವ ತನಕ ಸರಿಯಾಗಿ ಅರ್ಥವಾಗಿರಲಿಲ್ಲ.

ಮೊದಲು ಸುಳಿವು ಕೊಟ್ಟು ನೋಡಿ

ನಿನ್ನೆ ಮೊನ್ನೆ ಮನೆಯಲ್ಲಿ ನಡೆದ, ಅವರೇ ಭಾಗವಹಿಸಿದ ಒಂದು ಸಂಗತಿ ಆರಿಸಿಕೊಳ್ಳಿ. ಯಾರೋ ಊಟಕ್ಕೆ ಬಂದದ್ದು, ಎಲ್ಲರೂ ಕುಮಟಾಕ್ಕೆ ಹೋಗಿ ಬಂದದ್ದು, ಹೀಗೆ ಏನಾದರೂ. ಮಾತಿನ ನಡುವೆ ಸಹಜವಾಗಿ ಕೇಳಿ. ನೆನಪಾಗದಿದ್ದರೆ ಒಂದು ಸುಳಿವು ಕೊಡಿ. ಆಗಲೂ ಆಗದಿದ್ದರೆ ಎರಡು ಉತ್ತರ ಮುಂದಿಟ್ಟು, ಇದಾ ಅದಾ ಎಂದು ಕೇಳಿ. ಸುಳಿವಿಗೆ ನೆನಪು ಬಂದರೆ ಅದು ಹೆಚ್ಚಾಗಿ ವಯಸ್ಸಿನ ಮರೆವು, ಅಥವಾ ಚಿಂತೆ, ನಿದ್ದೆಗೇಡು, ಮನಸ್ಸಿನ ಕುಗ್ಗುವಿಕೆ. ಸುಳಿವು ಕೊಟ್ಟರೂ "ಹಾಗೆ ಆಗೇ ಇಲ್ಲ" ಎನ್ನುವುದು ಮತ್ತೆ ಮತ್ತೆ ಕಂಡರೆ ವೈದ್ಯರ ಹತ್ತಿರ ಹೋಗಲೇಬೇಕು. ಒಂದು ಸಲ ನೋಡಿ ತೀರ್ಮಾನ ಮಾಡಬೇಡಿ. ಹದಿನೈದು ದಿನದಲ್ಲಿ ಮೂರ್ನಾಲ್ಕು ಸಲ ನೋಡಿ, ತಾರೀಖು ಹಾಕಿ ಬರೆದಿಡಿ. ಕಿವಿ ಸರಿಯಾಗಿ ಕೇಳದವರಿಗೆ ಈ ಪರೀಕ್ಷೆ ಮೋಸ ಮಾಡುತ್ತದೆ. ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದು ಹೇಗೆ, ಅಲ್ವಾ?

ಅತ್ತೆಗೆ ತಮ್ಮ ಮದುವೆಯ ದಿಬ್ಬಣ, ಚಿಕ್ಕಂದಿನ ಆಲೆಮನೆ, ಅಪ್ಪೆಹುಳಿಯ ಅಳತೆ ಎಲ್ಲಾ ನೆನಪಿತ್ತು. ಮರೆಯುತ್ತಿದ್ದದ್ದು ಇವತ್ತಿನದ್ದು. ಅಡಿಕೆ ಕೊನೆ ಕೊಯ್ಯುವವನ ಬಗ್ಗೆ "ಕೊನೆಗೌಡ ಬಂದ್ನಾ?" ಎಂದು ಒಂದು ಬೆಳಿಗ್ಗೆಯಲ್ಲಿ ಆರು ಸಲ ಕೇಳುತ್ತಿದ್ದರು. ಹಳೆಯದು ಇಷ್ಟು ಚೆನ್ನಾಗಿ ಹೇಳುವವರಿಗೆ ಕಾಯಿಲೆ ಹೇಗಿರುತ್ತದೆ ಎಂದು ಮಾವ ವಾದ ಮಾಡಿದರು. ಈ ಕಾಯಿಲೆಯ ಮಾಮೂಲಿ ಶುರು ಇರುವುದೇ ಹಾಗೆ.

ಒಳಗೆ ಏನಾಗುತ್ತದೆ

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ, ಮರೆವಿನಿಂದ ನರಳಿ ತೀರಿಕೊಂಡ ಒಬ್ಬ ಹೆಂಗಸಿನ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ವಿಚಿತ್ರ ಕಂಡವು. ನರಕೋಶಗಳ ನಡುವೆ ಗಟ್ಟಿ ಚುಕ್ಕೆಗಳು, ಕೋಶಗಳ ಒಳಗೆ ನೂಲಿನ ಗಂಟುಗಳು. ಚುಕ್ಕೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನ ಚೂರುಗಳು ಒಂದಕ್ಕೊಂದು ಅಂಟಿ ಆದದ್ದು. ಗಂಟುಗಳು ಟಾವ್ ಎಂಬ ಇನ್ನೊಂದು ಪ್ರೋಟೀನಿನವು. ಸರಿಯಾಗಿದ್ದಾಗ ಟಾವ್ ಕೋಶದೊಳಗಿನ ಸಾಗಾಟದ ನಳಿಕೆಗಳನ್ನು ಹಿಡಿದು ನಿಲ್ಲಿಸುತ್ತದೆ. ಕೆಟ್ಟಾಗ ಅದು ಕಳಚಿಕೊಂಡು ತನ್ನಲ್ಲೇ ಸುತ್ತಿಕೊಳ್ಳುತ್ತದೆ.

ಅಮೈಲಾಯ್ಡ್ ಸೇರಲು ಶುರುವಾಗುವುದು ಮರೆವು ಕಾಣುವುದಕ್ಕೆ ಹದಿನೈದು, ಇಪ್ಪತ್ತು ವರ್ಷ ಮೊದಲೇ. ಅಮೈಲಾಯ್ಡ್ ಇದ್ದೂ ನೆನಪು ಚೆನ್ನಾಗಿರುವ ಮುದುಕರು ಇದ್ದಾರೆ. ಮರೆವು ಎಷ್ಟಿದೆ ಎನ್ನುವುದಕ್ಕೆ ಹೆಚ್ಚು ಹೊಂದುವುದು ಗಂಟುಗಳು ಎಲ್ಲಿಯವರೆಗೆ ಹಬ್ಬಿವೆ ಎಂಬುದು. ಅವು ಮೊದಲು ಹಬ್ಬುವುದು ಕಿವಿಯ ನೇರಕ್ಕೆ ಮಿದುಳಿನ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಮತ್ತು ಅದರ ಪಕ್ಕದ ಜಾಗದಲ್ಲಿ. ಇವತ್ತಿನ ಅನುಭವವನ್ನು ನಾಳೆಯ ನೆನಪು ಮಾಡುವ ಕೆಲಸ ನಡೆಯುವುದು ಅಲ್ಲೇ. ಹಳೆಯ ನೆನಪು ಮಿದುಳಿನ ಬೇರೆ ಕಡೆಗಳಲ್ಲಿ ಹರಡಿ ಕೂತಿರುವುದರಿಂದ ತುಂಬಾ ದಿನ ಉಳಿಯುತ್ತದೆ. ಬಳೆ ಮರೆತು ದಿಬ್ಬಣ ನೆನಪಿದ್ದದ್ದು ಇದಕ್ಕೇ.

ವೈದ್ಯರ ಹತ್ತಿರ: ಮೊದಲು ಬೇರೆ ಕಾರಣ ಹುಡುಕಿ

ಮರೆವು ಎರಡು ಮೂರು ದಿನದಲ್ಲಿ ದಿಢೀರ್ ಬಂದಿದ್ದರೆ, ಮಾತು ತಡವರಿಸಿದರೆ, ಮಂಪರಿದ್ದರೆ ಅದು ಈ ಕಾಯಿಲೆ ಅಲ್ಲ. ಸೋಂಕು, ಉಪ್ಪಿನ ಅಂಶದ ಏರುಪೇರು, ತಲೆಯ ಒಳಗಿನ ರಕ್ತಸ್ರಾವ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಆಲ್ಝೈಮರ್ ತಿಂಗಳು, ವರ್ಷಗಳಲ್ಲಿ ನಿಧಾನ ಏರುವಂಥದ್ದು.

ನಿಧಾನದ ಮರೆವಿಗೂ ಥೈರಾಯ್ಡ್ ಮತ್ತು ವಿಟಮಿನ್ ಬಿ12 ರಕ್ತ ಪರೀಕ್ಷೆ ಬೇಕು. ತಲೆಯ ಸ್ಕ್ಯಾನ್ ಒಂದು ಬೇಕು. ಜೊತೆಗೆ ಈಗ ತಿನ್ನುತ್ತಿರುವ ಎಲ್ಲಾ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಶೀತಕ್ಕೆ ನುಂಗುವ ಕ್ಲೋರ್‌ಫೆನಿರಮೈನ್, ಕೆಲವು ನಿದ್ದೆ ಮಾತ್ರೆಗಳು ಕೂಡ ಮುದುಕರ ನೆನಪನ್ನು ಮಂಕು ಮಾಡುತ್ತವೆ.

ಅತ್ತೆ ಸಸ್ಯಾಹಾರಿ. ಬಿ12 ಕಡಿಮೆಯೇ ಬಂತು. ಸಿಕ್ಕಿತು ಕಾರಣ ಎಂದು ನಾವೆಲ್ಲ ಖುಷಿಪಟ್ಟೆವು. ಇಂಜೆಕ್ಷನ್ ಆದ ಮೇಲೆ ಸುಸ್ತು ಹೋಯಿತು, ಕಾಲಿನ ಜುಮುಜುಮು ಕಡಿಮೆಯಾಯಿತು. ಮೂರು ತಿಂಗಳಾದರೂ ಮರೆವು ಇದ್ದಲ್ಲೇ ಇತ್ತು. ಒಂದು ಕೊರತೆ ಸಿಕ್ಕಿತೆಂದು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಬಾರದು. ಹುಬ್ಬಳ್ಳಿಯಲ್ಲಿ ನರರೋಗ ತಜ್ಞರು 30 ಅಂಕದ ಪ್ರಶ್ನಾವಳಿ ಮಾಡಿದರು, 22 ಬಂತು. ಎಂಆರ್‌ಐನಲ್ಲಿ ಹಿಪೊಕ್ಯಾಂಪಸ್ ಕುಗ್ಗಿತ್ತು. ಮಾಮೂಲಿ ಎಂಆರ್‌ಐನಲ್ಲಿ ಅಮೈಲಾಯ್ಡ್ ಕಾಣುವುದಿಲ್ಲ. ಅದಕ್ಕೆ ವಿಶೇಷ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ದ್ರವದ ಪರೀಕ್ಷೆಯಂಥದ್ದು ಬೇಕು. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಮರೆವಿನ ಕಥೆ, ಅಂಕ, ಎಂಆರ್‌ಐ ಮೂರನ್ನೂ ಸೇರಿಸಿಯೇ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ನಾನು ಬರೆದಿಟ್ಟಿದ್ದ ಪುಸ್ತಕವನ್ನು ಅವರು ಪುಟ ಬಿಡದೆ ಓದಿದರು.

ಮಾತ್ರೆ ಶುರು ಮಾಡುವ ಮೊದಲು ಬರೆದಿಡಿ

ಸಾಮಾನ್ಯವಾಗಿ ಮೊದಲು ಕೊಡುವುದು ಡೊನೆಪೆಜಿಲ್. ಅದು ಮಾಡುವ ಕೆಲಸವನ್ನು ಅಡಿಕೆ ತೋಟದ ಕಾಲುವೆಯಲ್ಲಿ ಇಟ್ಟು ನೋಡೋಣ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಈ ಕಾಯಿಲೆಯಲ್ಲಿ ಕಡಿಮೆಯಾಗುತ್ತದೆ, ಯಾಕೆಂದರೆ ಅದನ್ನು ಮಾಡುವ ಕೋಶಗಳು ಸಾಯುತ್ತವೆ. ಇದ್ದದ್ದನ್ನೂ ಒಂದು ಕಿಣ್ವ ಒಡೆದು ಹಾಕುತ್ತದೆ. ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಅಂದರೆ ಕಾಲುವೆ ಸೋರುವ ಜಾಗ ಮುಚ್ಚಿ, ಉಳಿದ ನೀರು ಮರಗಳಿಗೆ ಮುಟ್ಟುವಂತೆ ಮಾಡುತ್ತದೆ. ಮೇಲಿನ ಕೆರೆ ಬತ್ತುವುದು ಇದರಿಂದ ನಿಲ್ಲುವುದಿಲ್ಲ. ಚುಕ್ಕೆಗೂ ಗಂಟಿಗೂ ಇದು ಏನೂ ಮಾಡುವುದಿಲ್ಲ.

ಆದ್ದರಿಂದ ಕಳೆದ ನೆನಪು ವಾಪಸ್ ಬಂತಾ ಎಂದು ಕಾಯಬೇಡಿ. ಕೆಲವರಲ್ಲಿ ಸ್ವಲ್ಪ ಚುರುಕು ಕಾಣುತ್ತದೆ, ಹಲವರು ಕೆಲವು ತಿಂಗಳು ಇದ್ದಂತೆ ಇರುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ. ಇದನ್ನು ಅಳೆಯಲು ಶುರುವಿನ ದಿನದ ಚಿತ್ರ ಬೇಕು. ನಾನು ಐದು ಸಂಗತಿ ಬರೆದಿಟ್ಟೆ: ತಾವೇ ಸ್ನಾನ ಮಾಡುತ್ತಾರಾ, ಒಂದು ಅಡುಗೆ ಪೂರ್ತಿ ಮಾಡುತ್ತಾರಾ, ಒಂದೇ ಪ್ರಶ್ನೆ ಬೆಳಿಗ್ಗೆ ಎಷ್ಟು ಸಲ, ಕೊಟ್ಟಿಗೆಗೆ ಹೋಗಿ ವಾಪಸ್ ಬರುತ್ತಾರಾ, ತೂಕ ಎಷ್ಟು.

ಶುರುವಿಗೆ 5 ಮಿಲಿಗ್ರಾಂ, ನಾಲ್ಕರಿಂದ ಆರು ವಾರ ಹೊಂದಿಕೊಂಡರೆ 10. ಬೇಗ ಏರಿಸಿದರೆ ವಾಕರಿಕೆ, ಭೇದಿ ಜಾಸ್ತಿ. ರಾತ್ರಿ ಕೊಡುವುದು ರೂಢಿ. ಅತ್ತೆಗೆ ಕೆಟ್ಟ ಕನಸು ಬಿದ್ದು ಎದ್ದು ಕೂರುತ್ತಿದ್ದರು. ವೈದ್ಯರನ್ನು ಕೇಳಿ ಬೆಳಿಗ್ಗೆ ದೋಸೆ ತಿಂದ ಮೇಲೆ ಕೊಟ್ಟೆವು, ಕನಸು ನಿಂತಿತು. ಈ ಮಾತ್ರೆ ಹೃದಯದ ಬಡಿತವನ್ನು ನಿಧಾನ ಮಾಡಬಲ್ಲದು. ಮೊದಲೇ ಇಸಿಜಿ ಆಗಿರಲಿ. ಬಿಪಿಗೆ ಬಡಿತ ಇಳಿಸುವ ಮಾತ್ರೆ ತಿನ್ನುತ್ತಿದ್ದರೆ ತಪ್ಪದೆ ಹೇಳಿ. ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ತಲೆ ತಿರುಗಿ ಬಿದ್ದರೆ ಮುಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ.

ನಮ್ಮ ಮನೆಯಲ್ಲಿ ಆದ ತಪ್ಪು

ಐದನೇ ತಿಂಗಳಲ್ಲಿ ಅತ್ತೆಗೆ ಮೂತ್ರ ತಡೆಯಲು ಆಗದ ತೊಂದರೆ ಶುರುವಾಯಿತು. ನಾನು ಊರಲ್ಲಿರಲಿಲ್ಲ. ಬೇರೆ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು, ಆಕ್ಸಿಬ್ಯುಟಿನಿನ್ ಕೊಟ್ಟರು. ಎರಡು ವಾರದಲ್ಲಿ ಅತ್ತೆ ಅಡುಗೆಮನೆಯ ದಾರಿ ಕೇಳತೊಡಗಿದರು. ಕಾಯಿಲೆ ಏರಿತು ಎಂದು ಎಲ್ಲರೂ ಎದೆಗುಂದಿದರು. ಚೀಟಿ ನೋಡಿದಾಗ ನನಗೆ ಗೊತ್ತಾಯಿತು. ಡೊನೆಪೆಜಿಲ್ ಹೆಚ್ಚಿಸುವ ಅಸಿಟೈಲ್‌ಕೋಲಿನ್ ಕೆಲಸವನ್ನೇ ಆಕ್ಸಿಬ್ಯುಟಿನಿನ್ ತಡೆಯುತ್ತದೆ. ಒಂದು ಕೈಯಲ್ಲಿ ಕಾಲುವೆ ಕಟ್ಟಿ ಇನ್ನೊಂದು ಕೈಯಲ್ಲಿ ಒಡೆದ ಹಾಗೆ. ಮೂತ್ರದ ಅವಸರವೂ ಡೊನೆಪೆಜಿಲ್‌ನಿಂದಲೇ ಬಂದಿರಬಹುದಿತ್ತು. ತಜ್ಞರು ಆಕ್ಸಿಬ್ಯುಟಿನಿನ್ ನಿಲ್ಲಿಸಿ, ಡೊನೆಪೆಜಿಲ್ ಅನ್ನು 5ಕ್ಕೆ ಇಳಿಸಿದರು. ಹತ್ತು ದಿನದಲ್ಲಿ ಅಡುಗೆಮನೆ ದಾರಿ ಮತ್ತೆ ಗೊತ್ತಾಯಿತು. ಹೊಸ ಮಾತ್ರೆ ಶುರುವಾದ ಕೆಲವೇ ವಾರದಲ್ಲಿ ಮರೆವು ಧಡಕ್ಕನೆ ಏರಿದರೆ ಮೊದಲು ಆ ಮಾತ್ರೆಯ ಮೇಲೆ ಅನುಮಾನ ಇರಲಿ.

ಆರು ತಿಂಗಳಿಗೆ ಅಂಕ 22ರಲ್ಲೇ ಇತ್ತು. ವರ್ಷಕ್ಕೆ 20. ಮಾವನಿಗೆ ಬೇಸರವಾಯಿತು. ನನಗೆ ಸಮಾಧಾನವಾಯಿತು, ಐದರಲ್ಲಿ ನಾಲ್ಕು ಸಂಗತಿ ಹಾಗೇ ಉಳಿದಿದ್ದವು. ಮುಂದೆ ಕಾಯಿಲೆ ಮಧ್ಯಮ ಹಂತಕ್ಕೆ ಬಂದಾಗ ಮೆಮಾಂಟಿನ್ ಸೇರಿಸಿದರು. ಅದು ಕೆಲಸ ಮಾಡುವ ದಾರಿ ಬೇರೆ, ಆದರೆ ಅದೂ ಕಾಯಿಲೆಯನ್ನು ನಿಲ್ಲಿಸುವುದಿಲ್ಲ.

ಅಂಗಡಿಯಲ್ಲಿ ಜನ ಕೇಳುವ ಎರಡು ಪ್ರಶ್ನೆ

ಒಂದೆಲಗದ ತಂಬುಳಿ ಕೊಟ್ಟರೆ ಸಾಕಲ್ಲವೇ ಎನ್ನುತ್ತಾರೆ. ತಂಬುಳಿ ಮಾಡಿ ಹಾಕಿ, ಅತ್ತೆಗೂ ಅದೇ ಇಷ್ಟ. ಅಮೈಲಾಯ್ಡ್ ಕರಗಿಸುತ್ತದೆ, ಈ ಕಾಯಿಲೆ ತಡೆಯುತ್ತದೆ ಎಂಬುದು ಮಾತ್ರ ರೋಗಿಗಳಲ್ಲಿ ಸಾಬೀತಾಗಿಲ್ಲ. ಅದನ್ನು ನಂಬಿ ಪರೀಕ್ಷೆ ಮುಂದೂಡಿದವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಮಿದುಳು ತೊಳೆಯುವ ಇಂಜೆಕ್ಷನ್ ಬಂದಿದೆಯಂತಲ್ಲ ಎಂಬುದು ಇನ್ನೊಂದು. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮಾಬ್, 2024ರಲ್ಲಿ ಒಪ್ಪಿಗೆ ಪಡೆದ ಡೊನಾನೆಮಾಬ್ ಅಮೈಲಾಯ್ಡ್ ಅನ್ನು ನಿಜವಾಗಿಯೂ ತೆಗೆಯುತ್ತವೆ. ಆದರೂ ಮರೆವು ವಾಪಸ್ ಹೋಗುವುದಿಲ್ಲ, ನೆನಪು ಇಳಿಯುವ ವೇಗ ತಗ್ಗುತ್ತದೆ ಅಷ್ಟೇ. ಲೆಕಾನೆಮಾಬ್ ಪ್ರಯೋಗದಲ್ಲಿ 18 ತಿಂಗಳ ಕೊನೆಗೆ, 18 ಅಂಕದ ಅಳತೆಯಲ್ಲಿ, ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45. ಮನೆಯವರ ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣುವುದು ಕಷ್ಟ. ಲೆಕಾನೆಮಾಬ್‌ಗೆ ಶುರುವಿನಲ್ಲಿ ಎರಡು ವಾರಕ್ಕೊಮ್ಮೆ, ಡೊನಾನೆಮಾಬ್‌ಗೆ ನಾಲ್ಕು ವಾರಕ್ಕೊಮ್ಮೆ ಡ್ರಿಪ್, ನಡುವೆ ಮತ್ತೆ ಮತ್ತೆ ಎಂಆರ್‌ಐ ಬೇಕು, ಯಾಕೆಂದರೆ ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತದೆ. ರಕ್ತ ತೆಳು ಮಾಡುವ ಔಷಧ ತಿನ್ನುವವರಿಗೆ ಆ ಅಪಾಯ ಇನ್ನೂ ಜಾಸ್ತಿ. ಕಾಯಿಲೆಯ ತೀರಾ ಮೊದಲ ಹಂತದಲ್ಲಿ, ಅಮೈಲಾಯ್ಡ್ ಇದೆ ಎಂದು ಪರೀಕ್ಷೆಯಲ್ಲಿ ಖಚಿತವಾದವರಿಗೆ ಮಾತ್ರ ಇವು. ಅಡುಗೆಮನೆ ದಾರಿ ಮರೆತ ಹಂತದವರಿಗೆ ಕೊಡುವಂಥದ್ದಲ್ಲ.

ಮಾತ್ರೆ ಇನ್ನು ಕೆಲಸ ಮಾಡುತ್ತಿಲ್ಲ ಅನಿಸಿದ ದಿನ ನೀವಾಗಿ ನಿಲ್ಲಿಸಬೇಡಿ. ವೈದ್ಯರು 10ರಿಂದ 5ಕ್ಕೆ ಇಳಿಸಿ, ಸುಮಾರು ನಾಲ್ಕು ವಾರ ನೋಡಿ, ಆಮೇಲೆ ನಿಲ್ಲಿಸುತ್ತಾರೆ. ಆ ವಾರಗಳಲ್ಲಿ ಮೊದಲಿನ ಐದು ಸಂಗತಿಗಳನ್ನೇ ಮತ್ತೆ ಬರೆಯಿರಿ. ಊಟ ಬಿಟ್ಟರೆ, ಗಾಬರಿ ಹೆಚ್ಚಾದರೆ, ಮನೆಯವರ ಗುರುತು ಒಮ್ಮೆಲೇ ತಪ್ಪಿದರೆ ತಡಮಾಡದೆ ತಿಳಿಸಿ. ಬೇಗ ತಿಳಿಸಿದರೆ ಮಾತ್ರೆ ಮತ್ತೆ ಶುರು ಮಾಡಿ ಇಳಿದದ್ದನ್ನು ಸ್ವಲ್ಪ ಹಿಡಿಯಬಹುದು, ತಿಂಗಳುಗಟ್ಟಲೆ ಬಿಟ್ಟರೆ ಅದು ಕಷ್ಟ.