ಟಿಸಿಎಸ್‌ನಿಂದ ಹಿಂದಕ್ಕೆ ಎಣಿಸಿದೆ

"ಸ್ಕ್ರೀನ್‌ಶಾಟ್ ಇಟ್ಕೊಂಡು ಯಾರಾದ್ರೂ ಲೆಕ್ಕ ಬರೀತಾರೇನಪ್ಪಾ?" ಅಂತ ನಮ್ಮ ಆಡಿಟರ್ ನಕ್ಕಿದ್ದರು. ಪೋರ್ಟಲ್‌ನಿಂದ ರಿಪೋರ್ಟ್ ಇಳಿಸಿಕೊಂಡರೆ ಸುಲಭ, ಅದು ನನಗೂ ಗೊತ್ತು. ಆದರೆ ನಾನು ಲೆಕ್ಕ ಬರೆಯುವ ತುಮಕೂರು ಮಂಡಿಪೇಟೆಯ ನೈಟಿ ಅಂಗಡಿ ಅಕ್ಕ ಆನ್‌ಲೈನ್‌ನಲ್ಲಿ ಮಾರಿದರೂ ಲಾಗಿನ್ ಕೊಡಲ್ಲ, ಒಟಿಪಿಯನ್ನಂತೂ ಹೇಳೋದೇ ಇಲ್ಲ. ಆನ್‌ಲೈನ್ ಕಂಪನಿ ಎಷ್ಟು ಹಿಡಿದು ಎಷ್ಟು ಕೊಟ್ಟಿದೆ ಅನ್ನೋದರ ಸ್ಕ್ರೀನ್‌ಶಾಟ್ ವಾಟ್ಸಾಪ್‌ನಲ್ಲಿ ಕಳಿಸಿ "ನೋಡಿ ಸಾರ್, ಎಷ್ಟು ಕಿತ್ಕೊಂಡಿದ್ದಾರೆ" ಅಂತಾರೆ.

ಮೊದಲು ಫೋಟೋದಿಂದ ಅಕ್ಷರ ಎತ್ತುವ ಆಪ್ ಹಾಕಿ ನೋಡಿದೆ. ರೂಪಾಯಿ ಗುರುತನ್ನು ಏಳು ಅಂತ ಓದಿ 380 ರೂಪಾಯಿಯನ್ನು 7380 ಮಾಡಿತು. ಮೈನಸ್ ಗುರುತು ಬಿದ್ದುಹೋಗಿ ರಿಟರ್ನ್‌ಗಳೆಲ್ಲ ಮಾರಾಟವಾದವು. ಆ ಆಪ್‌ಗೆ ಕೊಟ್ಟ ನಾನೂರು ರೂಪಾಯಿ ದಂಡ. ಈಗ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಂತೀನಿ, ಕೈಯಲ್ಲೇ ಟೈಪ್ ಮಾಡ್ತೀನಿ.

ದೊಡ್ಡ ಪೆಟ್ಟು ಬಿದ್ದಿದ್ದು ಹಳೇ ಸ್ಕ್ರೀನ್‌ಶಾಟ್‌ಗಳಲ್ಲಿ. ಪ್ರತಿ ಮಾರಾಟದಲ್ಲೂ ಕಂಪನಿ ಸರ್ಕಾರಕ್ಕೆ ಕಟ್ಟೋಕೆ ಅಂತ ಎರಡು ತೆರಿಗೆ ಮೊದಲೇ ಹಿಡಿಯುತ್ತೆ. 2024ರ ಜುಲೈ 10ಕ್ಕೆ ಮುಂಚೆ ಜಿಎಸ್‌ಟಿ ಟಿಸಿಎಸ್ ಶೇ 1, ಆದಾಯ ತೆರಿಗೆಯ ಟಿಡಿಎಸ್ಸೂ ಶೇ 1. ಒಂದೇ ಆರ್ಡರ್‌ನಲ್ಲಿ 5.00 ಎರಡು ಸಲ ಕಂಡಾಗ, ಎರಡು ಸಲ ಬಂದಿದೆ ಅಂದ್ಕೊಂಡು ಒಂದನ್ನು ಅಳಿಸಿಬಿಟ್ಟೆ. ಸುಮಾರು ಮೂರು ತಿಂಗಳ ಲೆಕ್ಕ ಹಾಳು. ಆಮೇಲೆ ಟಿಸಿಎಸ್ ಅರ್ಧಕ್ಕೆ ಇಳಿದು ಶೇ 0.5 ಆಯಿತು. ಅದೇ ವರ್ಷ ಅಕ್ಟೋಬರ್ 1ರಿಂದ ಟಿಡಿಎಸ್ ಶೇ 0.1ಕ್ಕೆ ಬಂತು. ಹಾಗಾಗಿ ನಾನು ಮೊದಲು ನೋಡೋದು ಆರ್ಡರ್ ತಾರೀಖು.

ದಾರಿ ಸಿಕ್ಕಿದ್ದು ಮಾರಾಟ ಬೆಲೆಯಿಂದ ಒಂದೊಂದೇ ಕಳೆಯೋದನ್ನು ಬಿಟ್ಟಾಗ. ಕಮಿಷನ್, ಶಿಪ್ಪಿಂಗ್ ಫೀಸು ಕಂಪನಿಯ ಇಷ್ಟದಂತೆ ಬದಲಾಗುತ್ತವೆ. ಟಿಸಿಎಸ್ ದರ ಮಾತ್ರ ಸರ್ಕಾರದ್ದು, ಅದೂ ಜಿಎಸ್‌ಟಿ ತೆಗೆದ ಬೆಲೆಯ ಮೇಲೆ. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಮಾರಾಟ ಬೆಲೆ ಸಿಗುತ್ತೆ. ನೈಟಿಗೆ ಜಿಎಸ್‌ಟಿ ಶೇ 5, ಆದ್ದರಿಂದ ಶೇ 0.5 ದರದ ಒಟ್ಟು ಟಿಸಿಎಸ್ B2ನಲ್ಲಿದ್ದರೆ:

```
=B2/0.005*1.05
```

ಟಿಸಿಎಸ್ 2.50 ಇದ್ದರೆ 525 ಬರಬೇಕು. ಪೈಸೆ ರೌಂಡ್ ಆಗಿರುತ್ತೆ, ಒಂದೆರಡು ರೂಪಾಯಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ತಪ್ಪಿದರೆ ಚಿತ್ರ ಕತ್ತರಿಸಿ ಹೋಗಿದೆ ಅಂತ. ಕರ್ನಾಟಕದೊಳಗಿನ ಆರ್ಡರ್‌ನಲ್ಲಿ ಟಿಸಿಎಸ್ 1.25, 1.25 ಅಂತ ಎರಡು ಸಾಲು, ಬೇರೆ ರಾಜ್ಯಕ್ಕೆ ಹೋದರೆ 2.50 ಅಂತ ಒಂದೇ ಸಾಲು. ಎರಡನೇ ಸಾಲು ಬಿಟ್ಟು ಸ್ಕ್ರೀನ್‌ಶಾಟ್ ತೆಗೆಯೋದ್ರಲ್ಲಿ ನಮ್ಮಕ್ಕ ನಿಸ್ಸೀಮರು.

ಅಕ್ಕನ 525ರ ಆರ್ಡರ್ ಒಂದು ಹೀಗಿತ್ತು. ಕಮಿಷನ್ 52, ಶಿಪ್ಪಿಂಗ್ 68. ಟ್ಯಾಕ್ಸ್ ಅಂತ ಒಟ್ಟಿಗೆ 24.60, ಕೈಗೆ ಬಂದಿದ್ದು 380.40. ಜಗಳವೆಲ್ಲ ಆ 24.60ರ ಬಗ್ಗೆ. ಬಿಡಿಸಿದರೆ ಅದರಲ್ಲಿ 21.60 ಫೀಸಿನ ಮೇಲಿನ ಶೇ 18 ಜಿಎಸ್‌ಟಿ, ಅಕ್ಕ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇನ್‌ಪುಟ್ ಆಗಿ ಕಳೆಯೋಕೆ ಸಿಗುತ್ತೆ. 2.50 ಟಿಸಿಎಸ್, ಜಿಎಸ್‌ಟಿ ಪೋರ್ಟಲ್‌ನಲ್ಲಿ ಅಕ್ಕನ ಕ್ಯಾಶ್ ಲೆಡ್ಜರ್‌ಗೆ ಬರುತ್ತೆ. 50 ಪೈಸೆ ಟಿಡಿಎಸ್, ಆದಾಯ ತೆರಿಗೆಯ 26ಎಎಸ್ ಪಟ್ಟಿಯಲ್ಲಿ ಕಂಡಿತು. ಮೂರೂ ಅಕ್ಕನದೇ ದುಡ್ಡು. ಆದರೆ ಟಿಸಿಎಸ್ ತಾನಾಗೇ ಬರಲ್ಲ, ಜಿಎಸ್‌ಟಿ ಪೋರ್ಟಲ್‌ನ `TDS and TCS Credit Received` ಒಳಗೆ ಹೋಗಿ ಒಪ್ಪಿ ಫೈಲ್ ಮಾಡಬೇಕು. ವರ್ಷದ ಹತ್ತಿರ ಯಾರೂ ಮಾಡಿರಲಿಲ್ಲ. ಒಂಬತ್ತು ಸಾವಿರದಷ್ಟು ಸುಮ್ನೆ ಬಿದ್ದಿತ್ತು. ಆಡಿಟರ್ ಆಮೇಲೆ ನಗಲಿಲ್ಲ.

ಅದೇ ನೈಟಿ ಗಿರಾಕಿಯಿಂದ ವಾಪಸ್ ಬಂತು. ಮುಂದಿನ ವಾರದ ಸ್ಕ್ರೀನ್‌ಶಾಟ್‌ನಲ್ಲಿ ಮೈನಸ್ 566.84. ಕೊಟ್ಟಿದ್ದು 380, ಕಿತ್ಕೊಂಡಿದ್ದು 566! ಅಕ್ಕ ಫೋನಲ್ಲೇ ಅತ್ತರು. ನೋಡಿದರೆ 525 ಗಿರಾಕಿಗೆ ಹೋಗಿದೆ. ಕಮಿಷನ್ ಅದರ ಜಿಎಸ್‌ಟಿ ಸಮೇತ ವಾಪಸ್ ಬಂದಿದೆ, ಟಿಸಿಎಸ್, ಟಿಡಿಎಸ್ ಕೂಡ ಪ್ಲಸ್ ಆಗಿ ಬಂದಿವೆ. ಹೋದ ಶಿಪ್ಪಿಂಗ್ ಮಾತ್ರ ಬರಲಿಲ್ಲ, ಅದರ ಮೇಲೆ ವಾಪಸ್ ತರುವ ಶಿಪ್ಪಿಂಗ್ 90 ಸೇರಿದೆ. ಎರಡಕ್ಕೂ ಶೇ 18 ಸೇರಿಸಿದರೆ 186.44. ಎರಡೂ ಸೆಟಲ್‌ಮೆಂಟ್ ಸೇರಿಸಿದರೂ ಮೈನಸ್ 186.44, ಪೈಸೆಗೆ ಪೈಸೆ. ಟಿಸಿಎಸ್ ಪ್ಲಸ್ ಆಗಿ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಆ ಸಾಲು ರಿಟರ್ನ್ ಅಲ್ಲ, ಬೇರೇನೋ ಹಿಡಿದಿದ್ದಾರೆ. ಕಂಪನಿ ಹಾಕಿದ ದಂಡವನ್ನು ಹೀಗೆ ಎರಡು ಸಲ ಪತ್ತೆ ಹಚ್ಚಿದೆ. ಯಾವ ಸಾಲಿನಲ್ಲಿ ಬಚ್ಚಿಟ್ಟಿದ್ದರು ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ರಿಟರ್ನ್‌ಗಳನ್ನು ಬಣ್ಣದ ಪ್ರಕಾರ ಬರೆದೆ. ಇಪ್ಪತ್ತರ ಆಸುಪಾಸಿನಲ್ಲಿ ಎಂಟೋ ಒಂಬತ್ತೋ ಮರೂನ್ ಬಣ್ಣದವೇ, ಫೋಟೋದಲ್ಲಿ ಕೆಂಪಗೆ ಕಾಣುತ್ತಿತ್ತು. ಒಂದು ನೈಟಿಗೆ ಅಕ್ಕನಿಗೆ ಉಳಿಯೋದು ಅರವತ್ತು. ಒಂದು ವಾಪಸ್ ಬಂದರೆ ಮೂರು ಮಾರಿದ ಲಾಭ ಹೋಯಿತು.

"ಹಂಗಾದ್ರೆ ಮರೂನ್ ತೆಗೆದುಬಿಡಿ ಸಾರ್" ಅಂದರು. ತೆಗೆಯೋಕೆ ಲಾಗಿನ್ ಬೇಕಲ್ವಾ ಅಕ್ಕ ಅಂದೆ. ಆಗಲೂ ಕೊಡಲಿಲ್ಲ, ಮಗನ ಕೈಲಿ ತೆಗೆಸಿದರು.