ಪನೀರಿನ ಲಾಭವನ್ನು ಹಾಲಿನ ಲೀಟರಿಗೆ ಇಳಿಸಿದ ಲೆಕ್ಕ

ಪನೀರಿನ ಲಾಭವನ್ನು ಕೇಜಿಗೆ ಲೆಕ್ಕ ಹಾಕೋದನ್ನು ಬಿಟ್ಟು, ಕೊಂಡ ಹಾಲಿನ ಲೀಟರಿಗೆ ಹಾಕಲು ಶುರು ಮಾಡಿದಾಗ ಜೊತೆಯವರು ಒಪ್ಪಲಿಲ್ಲ. ಈಗ ಅದೇ ಲೆಕ್ಕ ನೋಡಿ ಯಾವ ದಿನ ಎಷ್ಟು ಹಾಲು ಒಡೆಸಬೇಕು ಅಂತ ತೀರ್ಮಾನ ಮಾಡುತ್ತೇನೆ. ಅಂದಾಜು ತಪ್ಪೋದು ತುಂಬಾ ಅಪರೂಪ.

ನೆನಪಿನಲ್ಲಿರುವ ಒಂದು ದಿನದ ಲೆಕ್ಕ ಇದು. 20 ಲೀಟರ್ ಹಸುವಿನ ಹಾಲು, ಲೀಟರಿಗೆ 40 ರೂಪಾಯಿಯಂತೆ 800. ಸಿಕ್ಕಿದ ಪನೀರು ಸುಮಾರು 3.2 ಕೇಜಿ, 400ರಂತೆ 1280. ಉಳಿದ 480ರಲ್ಲಿ ಗ್ಯಾಸಿಗೆ 25, ಸಿಟ್ರಿಕ್ ಆಮ್ಲಕ್ಕೆ 10, ಪ್ಯಾಕೆಟ್ಟಿಗೆ 48, ಫ್ರಿಜ್ಜಿಗೆ 15, ಪೆಟ್ರೋಲಿಗೆ 30, ಎರಡು ಗಂಟೆ ಕೂಲಿ 160. ಕೈಗೆ ಬಂದದ್ದು 192, ಅಂದರೆ ಕೇಜಿಗೆ 60. ಕೇಳೋಕೆ ಚೆನ್ನಾಗಿದೆ, ಆದರೆ ಹಾಲಿನ ಲೀಟರಿಗೆ ಬರೋದು 9.60 ಮಾತ್ರ. ಅದೇ ಹಾಲನ್ನು 50ಕ್ಕೆ ಹಾಗೇ ಮಾರಿದರೆ ಪೆಟ್ರೋಲು, ಅರ್ಧ ಗಂಟೆ ಕೂಲಿ ಕಳೆದು ಲೀಟರಿಗೆ 6.50 ಉಳಿಯುತ್ತದೆ. ಇಷ್ಟೆಲ್ಲ ದುಡಿದು ಹೆಚ್ಚಿಗೆ ಬಂದದ್ದು ಮೂರು ರೂಪಾಯಿ. ಮನೆಯವರದೇ ಕೆಲಸ ಅಂತ ಕೂಲಿ ಬಿಟ್ಟವರಿಗೆ ಇದು ಕಾಣೋದೇ ಇಲ್ಲ.

ಆ ಮೂರು ರೂಪಾಯಿ ಸೋರೋದು ಹಾಲು ಒಡೆಯುವಾಗ. ಒಡೆದು ಬೇರೆಯಾದ ನೀರು ತಿಳಿಯಾಗಿ, ಹಸಿರು ಛಾಯೆಗೆ ಬರಬೇಕು. ಬೆಳ್ಳಗೆ ಉಳಿದರೆ ಪನೀರು ನೀರಿನ ಜೊತೆ ಹೋಗುತ್ತಿದೆ ಅಂತಲೇ ಅರ್ಥ. ಆಮ್ಲ ಕಡಿಮೆಯಾದರೂ, ಹಾಲು ತೀರಾ ಆರಿದ ಮೇಲೆ ಹಾಕಿದರೂ ಹೀಗಾಗುತ್ತದೆ. ಹಾಗೆ ಕೆಟ್ಟ ದಿನ 2.9 ಕೇಜಿಯೂ ದಾಟಲಿಲ್ಲ. ಲಾಭ ಲೀಟರಿಗೆ ಮೂರೂವರೆ ರೂಪಾಯಿಗೆ ಇಳಿಯಿತು, ಹಸಿ ಹಾಲು ಮಾರಿದ್ದರೇ ವಾಸಿಯಿತ್ತು. ನಾನು 90 ಡಿಗ್ರಿವರೆಗೆ ಕಾಯಿಸಿ, 75ರ ಹತ್ತಿರ ಇಳಿದಾಗ ಲೀಟರಿಗೆ ಎರಡು ಗ್ರಾಂ ಆಮ್ಲವನ್ನು ನೀರಲ್ಲಿ ಕರಗಿಸಿ ಹಾಕುತ್ತೇನೆ. ಸುರಿಯುವ ಹದವನ್ನು ಮಾತ್ರ ಇಲ್ಲಿ ಬಿಚ್ಚಿಡೋದಿಲ್ಲ.

ತೂಕದಲ್ಲೂ ಮೋಸ ಹೋಗಬಹುದು. ತಣ್ಣೀರಲ್ಲಿ ಮುಳುಗಿಸಿಟ್ಟ ಪನೀರನ್ನು ತೆಗೆದ ತಕ್ಷಣ ತೂಗಿದರೆ ಮೇಲಿನ ನೀರೂ ಸೇರಿ ಇಳುವರಿ ಹೆಚ್ಚು ಕಾಣುತ್ತದೆ, ಪ್ಯಾಕ್ ಮಾಡುವಾಗ ಕರಗುತ್ತದೆ. ಪೂರ್ತಿ ಬಸಿದ ಮೇಲಿನ ತೂಕವನ್ನಷ್ಟೇ ಬರೆಯಿರಿ.

ನಡುವೆ, ಹಿಂದಿನ ದಿನ ಪನೀರು ಬಸಿದಾಗ ಬಂದ ನೀರನ್ನೇ ಹುಳಿಯಾಗಿಸಿ ಆಮ್ಲದ ಬದಲು ಹಾಕಿ ನೋಡಿದೆ. ಹಾಲು ಒಡೆಯುತ್ತದೆ, ಆದರೆ ಹುಳಿ ದಿನಕ್ಕೊಂದು ತರ. ಉಳಿಯೋದು ಲೀಟರಿಗೆ ಎಂಟಾಣೆ, ಒಂದು ಸಲ ಕೆಟ್ಟರೆ ಅದರ ಹತ್ತರಷ್ಟಕ್ಕೂ ಹೆಚ್ಚು ಹೋಗುತ್ತದೆ. ಬಿಟ್ಟೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಮಾರದೆ ಉಳಿದ ಮಾಲು. ಆ 3.2 ಕೇಜಿಯಲ್ಲಿ ಅರ್ಧ ಕೇಜಿ ಕೆಟ್ಟರೆ 200 ರೂಪಾಯಿ ಹೋಯಿತು, ಲಾಭದ 192 ಪೂರ್ತಿ ಅಳಿಸಿ ಎಂಟು ರೂಪಾಯಿ ಕೈಯಿಂದಲೇ. ಹಾಗಾಗಿ ಸಂಜೆಯೇ ಆರ್ಡರ್ ಕೇಳಿ, ಒಂದು ಕೇಜಿಗೆ ಆರೂಕಾಲು ಲೀಟರಿನಂತೆ ಹಾಲು ಎತ್ತಿಟ್ಟು, ಮಿಕ್ಕಿದ್ದನ್ನು ಹಸಿಯಾಗೇ ಕೊಟ್ಟುಬಿಡುತ್ತೇನೆ.